ಜೋರು ಮಳೆ ಹಿಡ್ಕೊಳ್ಳೋ ಮುಂಚೆ ರೈನ್‌ಕೋಟು, ಕೊಡೆ ತಗೊಂಬಿಡಿ

ನಮಸ್ಕಾರ, ಮೋಡ ಕಟ್ಟಿರೋದು ನೋಡಿದ್ರಲ್ಲ, ಇನ್ನೇನು ಹಿಡ್ಕೊಳ್ಳುತ್ತೆ. ಪ್ರತಿ ವರ್ಷ ಮೊದಲ ಜೋರು ಮಳೆ ದಿನ ಸಾಯಂಕಾಲ ಜನ ತೊಪ್ಪೆಯಾಗಿ ಅಂಗಡಿಗೆ ಓಡಿ ಬರ್ತಾರೆ, ಅಷ್ಟೊತ್ತಿಗೆ ಅವರ ಸೈಜ್ ಖಾಲಿ ಆಗಿರುತ್ತೆ. ಅವರನ್ನ ಬರಿಗೈಲಿ ಕಳಿಸೋಕೆ ನಿಜವಾಗ್ಲೂ ಮನಸ್ಸು ಬರಲ್ಲ, ಅದಕ್ಕೇ ಈ ಸಲ ಮುಂಚೆನೇ ಹೇಳ್ತಿದೀವಿ.

ಇವತ್ತು ಬೆಳಗ್ಗೆ ಒಂದೊಂದೇ ಎಣಿಸಿಟ್ಟ ಲೆಕ್ಕ ಇದು. ಜಾಕೆಟ್-ಪ್ಯಾಂಟ್ ಸೆಟ್ ಲಾರ್ಜ್ 61, ಎಕ್ಸೆಲ್ 38, ಮಕ್ಕಳದು 6ರಿಂದ 8 ವರ್ಷದ್ದು ಬರೀ 19. ಮೂರು ಮಡಿಕೆ ಕೊಡೆ 140 ಇವೆ. ಇವು ಮುಗಿದ್ರೆ ಮುಂದಿನ ಲಾಟ್ ಬರೋಕೆ 15 ದಿನ ಬೇಕು.

ರೈನ್‌ಕೋಟ್ ತಗೊಳ್ಳುವಾಗ ಒಳಗಡೆ ತಿರುಗಿಸಿ ಹೊಲಿಗೆ ನೋಡಿ. ಬಟ್ಟೆ ಎಷ್ಟೇ ದಪ್ಪ ಇದ್ರೂ ಸೂಜಿ ತೂತಲ್ಲಿ ನೀರು ಇಳಿಯುತ್ತೆ, ಭುಜದ ಹತ್ರ, ತೊಡೆ ಮಧ್ಯೆ ಮೊದಲು ಒದ್ದೆ ಆಗೋದು ಇದಕ್ಕೇ. ನಮ್ಮ ಸೆಟ್‌ಗಳಲ್ಲಿ ಪ್ರತಿ ಹೊಲಿಗೆ ಮೇಲೂ ಟೇಪ್ ಅಂಟಿಸಿದೆ, ಜಿಪ್ ಮೇಲೆ ಮುಚ್ಚೋ ಪಟ್ಟಿ ಇದೆ, ಬೆನ್ನಿಗೆ ರಾತ್ರಿ ಲೈಟ್ ಬಿದ್ರೆ ಹೊಳೆಯೋ ಪಟ್ಟಿನೂ ಇದೆ. ಕೊಡೆ ಕಡ್ಡಿಗಳು ಫೈಬರ್‌ದು, ಗಾಳಿಗೆ ಬಾಗಿ ವಾಪಸ್ ಬರ್ತವೆ, ತುಕ್ಕು ಹಿಡಿಯಲ್ಲ. ಇನ್ನೊಂದು ಮಾತು, ಬೈಕ್ ಓಡಿಸೋರು ಪೊಂಚೊ ಕೇಳಿದ್ರೆ ನಾವೇ ಬೇಡ ಅಂತೀವಿ, ಅಂಚು ಚಕ್ರಕ್ಕೆ ಸಿಕ್ಕಿದ್ರೆ ಅಪಾಯ, ಅವರಿಗೆ ಸೆಟ್ಟೇ ಸರಿ.

ಜೊತೇಲಿ ತಗೊಂಡ್ರೆ ಉಳಿತಾಯ ಇದೆ. ಒಂದು ಸೆಟ್ ಜೊತೆ ಒಂದು ಕೊಡೆ ತಗೊಂಡ್ರೆ ಒಟ್ಟು ಬಿಲ್ಲಲ್ಲಿ 15% ಕಮ್ಮಿ. ದೊಡ್ಡೋರ್ದು ಎರಡು, ಮಕ್ಕಳದು ಒಂದು ಸೆಟ್ ಸೇರಿಸಿ ಮನೆಮಂದಿಗೆಲ್ಲ ತಗೊಂಡ್ರೆ 20% ಕಮ್ಮಿ, ಮೇಲೆ ಸ್ಕೂಲ್ ಬ್ಯಾಗ್ ಕವರ್ ಫ್ರೀ, ಯಾಕಂದ್ರೆ ಮಗು ನೆನೀದೆ ಪುಸ್ತಕ ನೆಂದ್ರೂ ಕಷ್ಟನೇ ಅಲ್ವಾ. ಈ ಆಫರ್ ಭಾನುವಾರ ರಾತ್ರಿ 9ರವರೆಗೆ, ಇಲ್ಲಾ ಸ್ಟಾಕ್ ಮುಗಿಯೋವರೆಗೆ, ಯಾವುದು ಮೊದಲೋ ಅದು.

ಡೆಲಿವರಿ ಬಗ್ಗೆ: ಮಧ್ಯಾಹ್ನ 2 ಗಂಟೆ ಒಳಗೆ ಆರ್ಡರ್ ಬಂದ್ರೆ ಊರೊಳಗೆ ಅವತ್ತೇ ರಾತ್ರಿ 8ರೊಳಗೆ ಮನೆ ಬಾಗಿಲಿಗೆ, ಆಮೇಲೆ ಬಂದ್ರೆ ಮಾರನೇ ದಿನ. ಹೊರಗಿನ ಊರಿಗೆ 3ರಿಂದ 5 ದಿನ. ಊರೊಳಗಿನ ಡೆಲಿವರಿ ಹೇಳಿದ ಟೈಮಿಗೆ ಬರ್ಲಿಲ್ಲ ಅಂದ್ರೆ ಡೆಲಿವರಿ ಚಾರ್ಜ್ ವಾಪಸ್, ನೀವು ಕೇಳೋದೂ ಬೇಡ. ರಸ್ತೇಲಿ ನೀರು ನಿಂತು ಹುಡುಗರು ಬರೋಕೆ ಆಗೋ ಹಾಗಿಲ್ಲ ಅಂದ್ರೆ ಸುಮ್ನೆ ಕಾಯಿಸಲ್ಲ, ಮೊದಲೇ ಫೋನ್ ಮಾಡ್ತೀವಿ, ಆ ಮಳೇಲಿ ಅವರನ್ನ ಅವಸರಪಡಿಸೋಕೂ ನಮಗೆ ಇಷ್ಟ ಇಲ್ಲ. ಸೈಜ್ ಸರಿ ಹೋಗ್ಲಿಲ್ಲ ಅಂದ್ರೆ 7 ದಿನದೊಳಗೆ ಬದಲಾಯಿಸಿ ಕೊಡ್ತೀವಿ, ಟ್ಯಾಗ್ ಕೀಳದೆ ಇಟ್ಟಿರಿ.

ಆರ್ಡರಿಗೆ ಇದೇ ಮೆಸೇಜಿಗೆ ನಿಮ್ಮ ಎತ್ತರ, ಮಾಮೂಲಿ ಹಾಕೋ ಶರ್ಟ್ ಸೈಜು, ಬಣ್ಣ, ಅಡ್ರೆಸ್ ಕಳಿಸಿ. ಬಟ್ಟೆ ಮೇಲೆ ಹಾಕೋದಲ್ವಾ, ಹಾಗಾಗಿ ನಾವು ಒಂದು ಸೈಜ್ ದೊಡ್ಡದೇ ಎತ್ತಿಡ್ತೀವಿ.