ಅಮ್ಮನ ಕಾಲಿನ ಊತ: ಕ್ಲಿನಿಕ್‌ಗೆ ಕಳಿಸಿದ ಮೆಸೇಜ್

ಗುರುವಾರ, ಡಿಸೆಂಬರ್ 5. ಬೆಳಿಗ್ಗೆ 7:10

ಅಮ್ಮ:
ಪುಟ್ಟಿ, ಎದ್ದಿದೀಯಾ? ಆಫೀಸಿಗೆ ಹೊರಟಿರ್ತೀಯೇನೋ. ಗಾಬರಿ ಆಗ್ಬೇಡ, ಸುಮ್ನೆ ಹೇಳ್ತಿದೀನಿ. ಯಾಕೋ ಕಾಲು ಸರಿ ಇಲ್ಲ ಕಣೇ. ಕಡಲೆಕಾಯಿ ಪರಿಷೆಗೆ ಹೋಗಿದ್ವಲ್ಲ ನಾನೂ ಪದ್ಮನೂ, ಆಟೋದವನು ರಾಮಕೃಷ್ಣ ಆಶ್ರಮದ ಹತ್ರಾನೇ ಇಳಿಸಿಬಿಟ್ಟ. ಮುಂದೆ ಗಾಡಿ ಬಿಡಲ್ಲ ಅಂದ. ಅಲ್ಲಿಂದ ದೊಡ್ಡ ಗಣಪತಿ ತನಕ ಆ ಜನದಲ್ಲಿ ನಡೆದಿದ್ದೇ ನಡೆದಿದ್ದು. ಕಡಲೆಕಾಯಿ ತಂದೆ, ನಿನಗೂ ಎತ್ತಿಟ್ಟಿದೀನಿ, ಭಾನುವಾರ ಬಂದ್ರೆ ಬೇಯಿಸಿಕೊಡ್ತೀನಿ. ಆವತ್ತು ರಾತ್ರಿ ಮಂಡಿ ನೋವು ಅಂದ್ರೆ ನೋವು. ಮಾರನೇ ದಿನ ಪದ್ಮ ತಗೋತಾಳಲ್ಲ, ಆ ಮಾತ್ರೆ ಮೆಡಿಕಲ್ ಶಾಪಲ್ಲಿ ತರಿಸಿಕೊಂಡೆ. ನೋವು ಇಳೀತು. ಅದಿರಲಿ, ಈಗ ಪಾದ ದಪ್ಪ ಆಗಿದೆ. ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಯುತ್ತೆ, ಕಾಲುಂಗುರ ತೆಗೆಯೋಕೇ ಬರ್ತಿಲ್ಲ. ನಿಮ್ಮಪ್ಪ ಉಪ್ಪಿನಕಾಯಿ ಬಿಡು ಅಂತಾರೆ.

ಭಾನುವಾರ ಪೂಜೆ ಮುಗಿಸಿ ಏಳ್ಬೇಕಾದ್ರೆ ತಲೆ ಗಿರ್ರ್ ಅಂತು. ಬಾಗಿಲು ಹಿಡ್ಕೊಂಡೆ. ನಿನ್ನೇನೂ ಹಾಗೇ ಆಯ್ತು. ಶುಗರ್ ಇಳಿದಿರಬೇಕು ಅಂತ ಒಂದು ಚೂರು ಬೆಲ್ಲ ತಿಂದೆ. ದೀಪಾವಳಿ ಆದ್ಮೇಲೆ ಮೇಡಂ ಹೊಸ ಬಿಪಿ ಮಾತ್ರೆ ಕೊಟ್ರಲ್ಲ, ಅದನ್ನ ಬಿಟ್ಟಿಲ್ಲ, ದಿನಾ ತಗೋತೀನಿ. ಕ್ಲಿನಿಕ್‌ಗೆ ನೀನೇ ಒಂದು ಮೆಸೇಜ್ ಹಾಕ್ತೀಯಾ? ಸುಸ್ತು ಅಂತ ಹಾಕು, ಸಾಕು. ಪಾಪ, ಅವರಿಗೂ ಎಷ್ಟೊಂದು ಜನ.

7:25

ಮಗಳು:
ಅಮ್ಮ, ಮೆಟ್ರೋದಲ್ಲಿದ್ದೇನೆ, ಎರಡು ಸಲ ಓದಿದೆ. ಮೆಸೇಜ್ ನಾನೇ ಬರೆಯುತ್ತೇನೆ. ಆದರೆ ಸುಸ್ತು ಅಂತ ಬರೆಯುವುದಿಲ್ಲ. ಹೋದ ಸಲ ನೀನು ಹೇಳಿದ ಹಾಗೆ ಸುಸ್ತು ಅಂತಷ್ಟೇ ಹಾಕಿದ್ದೆ, ಅವರು ಮುಂದಿನ ವಾರಕ್ಕೆ ಟೋಕನ್ ಕೊಟ್ಟರು. ಅದು ಅವರ ತಪ್ಪಲ್ಲ. ಆ ಒಂದು ಪದದಿಂದ ಅವರಿಗೆ ಏನು ಗೊತ್ತಾಗಬೇಕು?

ಮೊದಲು ಇದಕ್ಕೆ ಉತ್ತರ ಕೊಡು. ಉಸಿರಾಡೋಕೆ ಕಷ್ಟ ಆಗುತ್ತಿದೆಯಾ? ರಾತ್ರಿ ಮಲಗಿದಾಗ ಉಸಿರು ಕಟ್ಟಿದ ಹಾಗೆ ಆಗಿ ಎದ್ದು ಕೂತಿದ್ದೀಯಾ? ಎದೆ ನೋವು? ಒಂದೇ ಕಾಲು ಊದಿದೆಯಾ, ಎರಡೂನಾ? ಮೀನಖಂಡ ಮುಟ್ಟಿದರೆ ನೋಯುತ್ತಾ, ಬಿಸಿ ಇದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಮೆಸೇಜ್ ಎಲ್ಲ ಬೇಡ, ಅಪ್ಪನಿಗೆ ಹೇಳಿ ಈಗಲೇ ಆಸ್ಪತ್ರೆಗೆ ಹೊರಡಿ.

ಅಮ್ಮ:
ಇಲ್ಲಮ್ಮ, ಅದ್ಯಾವುದೂ ಇಲ್ಲ. ಒಂದೇ ದಿಂಬು ಹಾಕ್ಕೊಂಡು ಚೆನ್ನಾಗೇ ಮಲಗ್ತೀನಿ. ಎರಡೂ ಕಾಲು ಒಂದೇ ಥರ ಊದಿದೆ. ನೋವಿಲ್ಲ, ಭಾರ ಅಷ್ಟೆ.

ಮಗಳು:
ಸರಿ, ಈಗ ನಿಧಾನವಾಗಿ ಹೇಳು. ಊತ ಮೊದಲು ಕಂಡಿದ್ದು ಯಾವತ್ತು? ಬೆಳಿಗ್ಗೆ ಎದ್ದಾಗ ಇರುತ್ತಾ? ಪಾದದ ಗಂಟಿನ ಮೇಲೆ ಹೆಬ್ಬೆರಳಿಂದ ಐದು ಎಣಿಸುವಷ್ಟು ಹೊತ್ತು ಒತ್ತಿ ನೋಡು, ಗುಳಿ ಬೀಳುತ್ತಾ? ಪದ್ಮಾಂಟಿ ಮಾತ್ರೆಯ ಸ್ಟ್ರಿಪ್ ಹಿಂಭಾಗದ ಫೋಟೋ ಹಾಕು. ದಿನಕ್ಕೆ ಎಷ್ಟು ತಗೊಂಡೆ?

ಇನ್ನೊಂದು. ಮಹಡಿ ಮನೆಯವರ ಬಿಪಿ ಮಷಿನ್ ತರಿಸಿಕೊ. ಐದು ನಿಮಿಷ ಸುಮ್ಮನೆ ಕೂತು ಒಂದು ಸಲ ನೋಡು. ಆಮೇಲೆ ಎದ್ದು ನಿಂತು, ಒಂದು ನಿಮಿಷ ಆದ ಮೇಲೆ ಇನ್ನೊಂದು ಸಲ. ಅಪ್ಪ ಪಕ್ಕದಲ್ಲೇ ನಿಂತಿರಲಿ. ತಲೆ ತಿರುಗಿದರೆ ತಕ್ಷಣ ಕೂತುಬಿಡು. ನಿನಗೆ ಎರಡು ಸಲವೂ ತಲೆ ಸುತ್ತಿರುವುದು ಏಳುವಾಗಲೇ ಅಲ್ವಾ, ಅದಕ್ಕೇ ಕೇಳುತ್ತಿದ್ದೇನೆ.

8:05

ಅಮ್ಮ:
ಫೋಟೋ ಹಾಕಿದೀನಿ ನೋಡು. ಮಂಗಳವಾರದಿಂದ ತಗೋತಿದೀನಿ, ಪರಿಷೆ ಮಾರನೇ ದಿನದಿಂದ. ಬೆಳಿಗ್ಗೆ ಒಂದು, ರಾತ್ರಿ ಒಂದು. ನಿನ್ನೆ ರಾತ್ರಿನೂ ತಗೊಂಡೆ. ಊತ ನೋಡಿದ್ದು ಹೋದ ಗುರುವಾರ, ಸಾಯಿಬಾಬಾ ಗುಡಿಗೆ ಹೋಗುವಾಗ ಚಪ್ಪಲಿ ಬಿಗಿ ಆಯ್ತಲ್ಲ, ಅವತ್ತು. ಬೆಳಿಗ್ಗೆ ಕಮ್ಮಿ ಇರುತ್ತೆ, ಸಂಜೆ ಜಾಸ್ತಿ. ಒತ್ತಿದ್ರೆ ಗುಳಿ ಬಿತ್ತು, ಸ್ವಲ್ಪ ಹೊತ್ತು ಹಾಗೇ ಇತ್ತು. ಬಿಪಿ ಕೂತಾಗ 148/88, ನಿಂತಾಗ 124/78. ನಿಂತಾಗ ಸ್ವಲ್ಪ ಕಣ್ಣು ಮಂಜಾಯ್ತು, ಕೂತೆ, ಸರಿಹೋಯ್ತು.

ಒಂದು ಮಾತು. ಪದ್ಮನ ಮಾತ್ರೆ ವಿಷಯ ಬರೀಬೇಡ. ಕೇಳದೇ ಯಾಕೆ ತಗೊಂಡ್ರಿ ಅಂತ ಮೇಡಂ ಬೈತಾರೆ. ಪದ್ಮಂಗೂ ಬೇಜಾರಾಗುತ್ತೆ.

ಮಗಳು:
ಪದ್ಮಾಂಟಿ ಹೆಸರು ಬರೆಯುವುದಿಲ್ಲ. ಮಾತ್ರೆ ಹೆಸರು ಮಾತ್ರ ಬರೆಯಲೇಬೇಕು ಅಮ್ಮ. ನೀನು ಹೇಳಿದ್ದರಲ್ಲಿ ಅವರು ಮೊದಲು ನೋಡಬೇಕಾದ್ದೇ ಅದು. ಇಂಥ ನೋವಿನ ಮಾತ್ರೆಯಿಂದ ಮೈಯಲ್ಲಿ ನೀರು ನಿಲ್ಲಬಹುದು, ಬಿಪಿ ಏರಬಹುದು, ಕಿಡ್ನಿಗೂ ತೊಂದರೆ ಆಗಬಹುದು. ನೀನು ತಗೊಳ್ಳೋ ಬಿಪಿ ಮಾತ್ರೆಗಳ ಜೊತೆ ಸೇರಿದರಂತೂ ಕಿಡ್ನಿ ಮೇಲೆ ಇನ್ನೂ ಜಾಸ್ತಿ ನಿಗಾ ಬೇಕು. ಅತ್ತ ಹೊಸ ಬಿಪಿ ಮಾತ್ರೆಯಿಂದಲೂ ಕೆಲವರಿಗೆ ಪಾದ ಊದುತ್ತದೆ. ಇದರಿಂದಲೋ ಅದರಿಂದಲೋ, ಬೇರೆ ಏನಾದರೂ ಇದೆಯೋ, ಅದನ್ನು ಮೇಡಂ ಹೇಳಬೇಕು, ನಾನಲ್ಲ. ಒಂದು ಮಾತ್ರೆಯನ್ನು ಮುಚ್ಚಿಟ್ಟರೆ ಅವರು ಇನ್ನೊಂದನ್ನು ಮಾತ್ರ ನೋಡಿ ಬದಲಾಯಿಸಿಬಿಡಬಹುದು. ಬೈದರೆ ಬೈಯಲಿ, ನಾನು ಪಕ್ಕದಲ್ಲೇ ಇರುತ್ತೇನೆ.

ಬೆಲ್ಲ ತಿಂದದ್ದನ್ನೂ ಬರೆಯುತ್ತೇನೆ. ಆಗ ಶುಗರ್ ನೋಡಿಕೊಂಡಿರಲಿಲ್ಲ ಅನ್ನುವುದನ್ನೂ. ಪರಿಷೆ, ಆಟೋ, ಕಡಲೆಕಾಯಿ ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಪರಿಷೆ ಅಂದಿದ್ದರಿಂದಲೇ ನನಗೆ ತಾರೀಖು ಸಿಕ್ಕಿದ್ದು. ಪರಿಷೆ ನವೆಂಬರ್ 25 ಸೋಮವಾರ, ಮಾತ್ರೆ ಶುರುವಾದದ್ದು 26ಕ್ಕೆ, ಊತ ಕಂಡದ್ದು 28ಕ್ಕೆ. ಬಿಪಿ ಮಾತ್ರೆ ಬರೆದುಕೊಟ್ಟದ್ದು ನವೆಂಬರ್ 9, ಚೀಟಿ ನನ್ನ ಫೋನಲ್ಲಿದೆ.

ಕಳಿಸುವ ಮುಂಚೆ ಒಮ್ಮೆ ಓದು.

---

ನಮಸ್ಕಾರ. ನಿಮ್ಮ ಪೇಷೆಂಟ್ ಸರೋಜಮ್ಮ ಅವರ ಮಗಳು ಬರೆಯುತ್ತಿದ್ದೇನೆ. ವಯಸ್ಸು 63, ಹನುಮಂತನಗರ. ಮೇಡಂ ಅವರನ್ನು ಕೊನೆಯ ಸಲ ನೋಡಿದ್ದು ನವೆಂಬರ್ 9ರಂದು.

ಎರಡೂ ಪಾದ ಊದಿವೆ, ಏಳುವಾಗ ತಲೆ ಸುತ್ತುತ್ತಿದೆ. ಇವತ್ತೇ ತೋರಿಸಲು ಸಮಯ ಸಿಗಬಹುದೇ?

ಊತ ಮೊದಲು ಕಂಡದ್ದು ನವೆಂಬರ್ 28ರಂದು, ಇವತ್ತಿಗೆ ಒಂದು ವಾರ. ಎರಡೂ ಕಡೆ ಒಂದೇ ಸಮ ಇದೆ. ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಒತ್ತಿದರೆ ಗುಳಿ ಬೀಳುತ್ತದೆ. ನೋವಿಲ್ಲ, ಭಾರ ಇದೆ.

ತಲೆ ಸುತ್ತಿದ್ದು ಎರಡು ಸಲ, ಡಿಸೆಂಬರ್ 1 ಮತ್ತು 4ರಂದು, ಎರಡು ಸಲವೂ ಕೂತಿದ್ದು ಏಳುವಾಗ. ಬಿದ್ದಿಲ್ಲ, ಎಚ್ಚರ ತಪ್ಪಿಲ್ಲ. ಆಗ ಶುಗರ್ ನೋಡಿಲ್ಲ. ಒಂದು ಸಲ ಬೆಲ್ಲ ತಿಂದರು.

ಇವತ್ತು ಬೆಳಿಗ್ಗೆ 8ಕ್ಕೆ ಮನೆಯ ಮಷಿನ್‌ನಲ್ಲಿ ಬಿಪಿ ಕೂತಾಗ 148/88, ನಿಂತು ಒಂದು ನಿಮಿಷದ ಮೇಲೆ 124/78. ನಿಂತಾಗ ಕಣ್ಣು ಮಂಜಾಯಿತು, ಕೂತ ಮೇಲೆ ಸರಿಹೋಯಿತು.

ದಯವಿಟ್ಟು ಇದನ್ನು ಮೇಡಂಗೆ ಹೇಳಿ: ಮಂಡಿ ನೋವಿಗೆ ನವೆಂಬರ್ 26ರಿಂದ ನಿನ್ನೆ ರಾತ್ರಿವರೆಗೆ ಅಸಿಕ್ಲೋಫೆನಾಕ್ 100 ಮಿ.ಗ್ರಾಂ ಮತ್ತು ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಸೇರಿರುವ ಮಾತ್ರೆಯನ್ನು ದಿನಕ್ಕೆ ಎರಡು ತಗೊಂಡಿದ್ದಾರೆ. ಮೆಡಿಕಲ್ ಶಾಪಿನಿಂದ ನಾವೇ ತಂದದ್ದು, ಚೀಟಿ ಇರಲಿಲ್ಲ. ಸ್ಟ್ರಿಪ್ ಫೋಟೋ ಕೆಳಗೆ ಹಾಕಿದ್ದೇನೆ.

ನೀವು ಕೊಟ್ಟಿರುವ ಮಾತ್ರೆಗಳು: ಟೆಲ್ಮಿಸಾರ್ಟನ್ 40 ದಿನಕ್ಕೆ ಒಂದು, ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು, ನವೆಂಬರ್ 9ರಿಂದ ಹೊಸದಾಗಿ ಅಮ್ಲೋಡಿಪಿನ್ 5 ದಿನಕ್ಕೆ ಒಂದು. ಯಾವುದನ್ನೂ ತಪ್ಪಿಸಿಲ್ಲ. ಸಲ್ಫಾ ಮಾತ್ರೆ ಆಗಿಬರುವುದಿಲ್ಲ, ಮೈಯೆಲ್ಲ ದದ್ದು ಬರುತ್ತದೆ.

ಉಸಿರಾಟದ ತೊಂದರೆ, ಎದೆ ನೋವು, ಜ್ವರ, ವಾಂತಿ ಇಲ್ಲ. ಮುಖ ಊದಿಲ್ಲ. ಮೂತ್ರ ಎಂದಿನಂತೆ ಹೋಗುತ್ತಿದೆ. ಆಗಸ್ಟ್‌ನಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9 ಇತ್ತು.

ಎರಡು ವಿಷಯ ತಿಳಿಸಿ. ನೋವಿನ ಮಾತ್ರೆ ಈಗಲೇ ನಿಲ್ಲಿಸಬೇಕಾ? ಇವತ್ತಿನ ಅಮ್ಲೋಡಿಪಿನ್ ಇನ್ನೂ ತಗೊಂಡಿಲ್ಲ, ತಗೊಳ್ಳಬಹುದಾ? ಇದೇ ನಂಬರಿಗೆ ಫೋನ್ ಮಾಡಬಹುದು.

---

8:30

ಅಮ್ಮ:
ಇದೇನೇ ಇಷ್ಟುದ್ದ. ಸಲ್ಫಾ ವಿಷಯ ನಾನೇ ಮರೆತಿದ್ದೆ. ಒಂದು ತಪ್ಪಿದೆ ನೋಡು. ದಿನಕ್ಕೆ ಎರಡು ಅಂತ ಬರೆದಿದೀಯಲ್ಲ, ಮೊದಲ ಎರಡು ದಿನ ಮೂರು ತಗೊಂಡಿದ್ದೆ. ಮಧ್ಯಾಹ್ನಾನೂ ನೋವಿತ್ತು. ಮೂತ್ರ ಸರಿಯಾಗಿ ಹೋಗ್ತಿದೆ ಅಂತ ನಿನಗೆ ಯಾರು ಹೇಳಿದ್ರು?

ಮಗಳು:
ಅಪ್ಪನನ್ನು ಫೋನಲ್ಲಿ ಕೇಳಿದೆ, ಅವರು ಏನೂ ತೊಂದರೆ ಇಲ್ಲ ಅಂದರು. ನಿನ್ನನ್ನೇ ಕೇಳಬೇಕಿತ್ತು, ತಪ್ಪಾಯಿತು. ಸರಿ ಹೇಳು, ಕಮ್ಮಿ ಆಗಿದೆಯಾ?

ಅಮ್ಮ:
ಎರಡು ದಿನದಿಂದ ಸ್ವಲ್ಪ ಕಮ್ಮಿ ಅನ್ಸುತ್ತೆ. ನೀರು ಕುಡಿಯೋದೂ ಕಮ್ಮಿ ಮಾಡಿದೀನಿ, ಊತ ಇಳೀಲಿ ಅಂತ.

ಮಗಳು:
ಅಯ್ಯೋ ಅಮ್ಮ, ಇದು ತುಂಬಾ ಮುಖ್ಯ. ಬದಲಾಯಿಸಿದೆ: "ಮೊದಲ ಎರಡು ದಿನ ಮೂರು ಮಾತ್ರೆ, ಆಮೇಲೆ ದಿನಕ್ಕೆ ಎರಡು. ಎರಡು ದಿನದಿಂದ ಮೂತ್ರ ಸ್ವಲ್ಪ ಕಡಿಮೆ. ಊತ ಇಳಿಯಲಿ ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಾರೆ." ಮೂತ್ರದ ಸಾಲನ್ನು ತಲೆ ಸುತ್ತಿನ ಕೆಳಗೇ ತಂದಿದ್ದೇನೆ, ಕೊನೆಯಲ್ಲಿದ್ದರೆ ಕಣ್ಣಿಗೆ ಬೀಳದೇ ಹೋಗಬಹುದು. ಈಗ ಕಳಿಸುತ್ತಿದ್ದೇನೆ. ಅವರು ಹೇಳುವ ತನಕ ಆ ನೋವಿನ ಮಾತ್ರೆ ಮುಟ್ಟಬೇಡ. ಬೇಗಬೇಗ ಏಳಬೇಡ, ಮಂಚದ ಅಂಚಲ್ಲಿ ಸ್ವಲ್ಪ ಕೂತು ಆಮೇಲೆ ಏಳು. ಉಸಿರು ಕಟ್ಟಿದ ಹಾಗೆ ಆದರೆ, ಎದೆ ನೋವು ಬಂದರೆ, ನನಗೆ ಕಾಯಬೇಡಿ, ಅಪ್ಪ 108ಕ್ಕೆ ಫೋನ್ ಮಾಡಲಿ.

9:12

ಕ್ಲಿನಿಕ್:
ನಮಸ್ಕಾರ. ಮೇಡಂ ನೋಡಿದ್ದಾರೆ. 11:30ಕ್ಕೆ ಕರೆದುಕೊಂಡು ಬನ್ನಿ, ಸಂಜೆವರೆಗೆ ಕಾಯುವುದು ಬೇಡ. ನೋವಿನ ಮಾತ್ರೆ ನಿಲ್ಲಿಸಿ. ಇವತ್ತಿನ ಬಿಪಿ ಮಾತ್ರೆಗಳನ್ನು ಮೇಡಂ ನೋಡಿದ ಮೇಲೆ ತಗೊಳ್ಳಿ. ಎಲ್ಲಾ ಸ್ಟ್ರಿಪ್, ಆಗಸ್ಟ್ ರಿಪೋರ್ಟ್ ತನ್ನಿ. ರಕ್ತ, ಮೂತ್ರ ಪರೀಕ್ಷೆ ಇರುತ್ತದೆ.

ಮಗಳು:
ಅಮ್ಮ, 11:30ಕ್ಕೆ ಸಮಯ ಸಿಕ್ಕಿದೆ. ನಾನು ಆಫೀಸಿನಿಂದ ಹೊರಟು ಈ ಕಡೆ ರೈಲು ಹತ್ತಿದ್ದೇನೆ. ಅಪ್ಪನಿಗೆ ಹೇಳು, ಮಾತ್ರೆ ಡಬ್ಬಿಯನ್ನು ಹಾಗೇ ಕವರಿಗೆ ಹಾಕಿಕೊಂಡು ರೆಡಿ ಇರಲಿ.

ಅಮ್ಮ:
ನೀನು ಯಾಕೆ ರಜೆ ಹಾಕಿದೆ. ಬಾ, ತಿಂಡಿ ತಿಂದಿಲ್ಲ ತಾನೇ? ಉಪ್ಪಿಟ್ಟು ಇದೆ.