ಬ್ಯಾಕ್ ಆಫೀಸ್‌ಗೆ ಹೊಸದಾಗಿ ಸೇರಿದವರಿಗೆ: ಮೊದಲ ವಾರ ಕಿವಿಗೆ ಬೀಳೋ ಪದಗಳು

ಸೋಮವಾರ ಡೆಸ್ಕ್‌ನಲ್ಲಿ ಕೂರೋ ಮುಂಚೆ ಒಂದ್ಸಲ ಓದ್ಕೊಂಡು ಬನ್ನಿ, ಬಾಯಿಪಾಠ ಏನೂ ಬೇಡ. ಅಕ್ಷರಮಾಲೆ ಪ್ರಕಾರ ಜೋಡಿಸಿಲ್ಲ, ಒಂದು ಟ್ರೇಡ್ ನಮ್ಮ ಕೈಗೆ ಬಂದು ಮುಗಿಯೋ ತನಕ ಯಾವ ಪದ ಯಾವಾಗ ಎದುರಾಗತ್ತೋ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ ಬರೆದಿದೀನಿ.

ಆರ್ಡರ್, ಟ್ರೇಡ್: ಕ್ಲೈಂಟ್ ಕೇಳಿದ್ದು ಆರ್ಡರ್, ಮಾರ್ಕೆಟ್‌ನಲ್ಲಿ ನಿಜವಾಗಿ ಆಗಿದ್ದು ಟ್ರೇಡ್. 1,000 ಷೇರಿಗೆ ಆರ್ಡರ್ ಹಾಕಿ 600 ಮಾತ್ರ ಸಿಕ್ಕಿರಬಹುದು, ಆ 600 ಕೂಡ ಬೇರೆ ಬೇರೆ ರೇಟಲ್ಲಿ ಮೂರು ಟ್ರೇಡ್ ಆಗಿ ಬಂದಿರಬಹುದು. ನಮ್ಮ ಲೆಕ್ಕ ಯಾವಾಗ್ಲೂ ಟ್ರೇಡ್ ಮೇಲೆ.

ಮಾರ್ಕೆಟ್ ಆರ್ಡರ್, ಲಿಮಿಟ್ ಆರ್ಡರ್: ಆ ಕ್ಷಣಕ್ಕೆ ಸಿಗೋ ರೇಟಿಗೆ ಆಗೋದು ಮಾರ್ಕೆಟ್ ಆರ್ಡರ್. ಕೊಳ್ಳೋನು ಇದಕ್ಕಿಂತ ಜಾಸ್ತಿ ಕೊಡಲ್ಲ, ಮಾರೋನು ಇದಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ಗೆರೆ ಹಾಕಿದ್ರೆ ಲಿಮಿಟ್.

ಬಿಡ್, ಆಸ್ಕ್, ಸ್ಪ್ರೆಡ್: ಕೊಳ್ಳೋರು ಕೊಡ್ತೀನಿ ಅಂದ ಅತಿ ಹೆಚ್ಚಿನ ರೇಟು, ಮಾರೋರು ಕೇಳ್ತಿರೋ ಅತಿ ಕಮ್ಮಿ ರೇಟು, ಅವೆರಡರ ನಡುವಿನ ಅಂತರ.

ಐಸಿನ್: ಷೇರು, ಬಾಂಡ್ ಥರದ ಪ್ರತಿ ಸೆಕ್ಯುರಿಟಿಗೂ ಇರೋ 12 ಕ್ಯಾರೆಕ್ಟರ್ ಗುರುತು. ಉದಾಹರಣೆಗೆ ಆಪಲ್ ಷೇರಿಂದು US0378331005. ಮೊದಲ ಎರಡಕ್ಷರ ದೇಶದ ಕೋಡ್, ಆಮೇಲಿನ ಒಂಬತ್ತು ಆ ಸೆಕ್ಯುರಿಟಿದು, ಕೊನೇ ಅಂಕೆ ಚೆಕ್ ಡಿಜಿಟ್. ಒಂದೇ ಕಂಪನಿಯ ಷೇರಿಗೆ ಒಂದು ಐಸಿನ್, ಬಾಂಡ್‌ಗೆ ಇನ್ನೊಂದು, ಹಾಗಾಗಿ ಕಂಪನಿ ಹೆಸರು ನೋಡಿ ಎಂಟ್ರಿ ಹಾಕ್ಬೇಡಿ, ಐಸಿನ್ ನೋಡಿ ಹಾಕಿ.

ಕಾಂಟ್ರಾಕ್ಟ್ ನೋಟ್: ಏನು ಕೊಂಡ್ರು, ಎಷ್ಟು, ಯಾವ ರೇಟು, ಬ್ರೋಕರೇಜ್ ಮತ್ತೆ ತೆರಿಗೆ ಎಷ್ಟು ಅಂತ ಕ್ಲೈಂಟ್‌ಗೆ ನಾವು ಕಳ್ಸೋ ಪತ್ರ. ಜಗಳ ಬಂದಾಗ ಮೊದಲು ತೆಗೆಯೋದು ಇದನ್ನೇ.

ಟ್ರೇಡ್ ಡೇಟ್, ಸೆಟಲ್‌ಮೆಂಟ್ ಡೇಟ್: ಹೊಸಬರು ಅತಿ ಹೆಚ್ಚು ಗೊಂದಲ ಮಾಡ್ಕೊಳ್ಳೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಒಪ್ಪಂದ ಆದ ದಿನ ಟ್ರೇಡ್ ಡೇಟ್, ಷೇರು ಮತ್ತು ದುಡ್ಡು ನಿಜವಾಗಿ ಕೈ ಬದಲಾಯಿಸೋ ದಿನ ಸೆಟಲ್‌ಮೆಂಟ್ ಡೇಟ್. ಟಿ+1 ಅಂದ್ರೆ ಟ್ರೇಡ್ ಆದ ಮೇಲೆ ಒಂದು ವರ್ಕಿಂಗ್ ಡೇ, ಶುಕ್ರವಾರದ ಟ್ರೇಡ್ ಸೋಮವಾರ ಸೆಟಲ್ ಆಗತ್ತೆ, ಸೋಮವಾರ ರಜೆ ಇದ್ರೆ ಮಂಗಳವಾರ. ಭಾರತದ ಎಲ್ಲಾ ಷೇರುಗಳಿಗೆ ಇದು 2023ರ ಜನವರಿಯಲ್ಲಿ ಬಂತು, ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ. ಟ್ರೇಡರ್‌ಗೆ ಸ್ಕ್ರೀನ್ ಮೇಲೆ ಬಂದ ತಕ್ಷಣ ಕೆಲಸ ಮುಗೀತು, ನಮಗೆ ಸೆಟಲ್ ಆಗೋವರೆಗೂ ಮುಗಿದಿಲ್ಲ.

ಕ್ಲಿಯರಿಂಗ್, ನೆಟ್ಟಿಂಗ್: ಯಾರು ಯಾರಿಗೆ ಎಷ್ಟು ಕೊಡ್ಬೇಕು ಅಂತ ಲೆಕ್ಕ ಹಾಕೋದು ಕ್ಲಿಯರಿಂಗ್. ಕ್ಲಿಯರಿಂಗ್ ಕಾರ್ಪೊರೇಷನ್ ಮಧ್ಯೆ ನಿಂತು ಕೊಳ್ಳೋರಿಗೆ ಮಾರೋರಾಗಿ, ಮಾರೋರಿಗೆ ಕೊಳ್ಳೋರಾಗಿ ಇರತ್ತೆ, ಆ ಕಡೆಯವ್ರು ಕೈ ಎತ್ತಿದ್ರೂ ನಮಗೆ ಸಿಗ್ಬೇಕಾದ್ದು ನಿಲ್ಲಬಾರ್ದು ಅಂತ. ನಮ್ಮ ಕ್ಲೈಂಟ್‌ಗಳು ಎಲ್ಲಾ ಸೇರಿ ಒಂದು ಷೇರು 5,000 ಕೊಂಡು 4,200 ಮಾರಿದ್ರೆ, ನೆಟ್ಟಿಂಗ್ ಇರೋ ಕಡೆ ಹೊರಗಿಂದ ಬರೋದು 800 ಅಷ್ಟೇ. ಆದ್ರೆ ನಮ್ಮ ಪುಸ್ತಕದಲ್ಲಿ ಒಬ್ಬೊಬ್ಬ ಕ್ಲೈಂಟ್ ಲೆಕ್ಕಾನೂ ಪೂರ್ತಿ ತೋರಿಸ್ಬೇಕು.

ಪೇ-ಇನ್, ಪೇ-ಔಟ್: ನಾವು ಒಳಗೆ ಕಟ್ಟೋದು, ನಮಗೆ ವಾಪಸ್ ಬರೋದು. ಷೇರಿಗೂ ಇದೇ ಪದ, ದುಡ್ಡಿಗೂ ಇದೇ ಪದ.

ಶಾರ್ಟ್ ಸೆಲ್ಲಿಂಗ್, ಶಾರ್ಟ್ ಡೆಲಿವರಿ: ಎರಡೂ ಬೇರೆ. ಕೈಯಲ್ಲಿಲ್ಲದ ಷೇರನ್ನ ರೇಟು ಇಳಿಯತ್ತೆ ಅಂತ ಮಾರೋದು ಮೊದಲನೇದು. ಮಾರಿದವರು ಸೆಟಲ್‌ಮೆಂಟ್ ದಿನ ಷೇರು ಒಪ್ಪಿಸದೇ ಇದ್ರೆ ಎರಡನೇದು, ಕಾರಣ ಯಾವುದೇ ಇರ್ಲಿ.

ಮಾರ್ಜಿನ್: ನಷ್ಟ ಆದ್ರೆ ತುಂಬ್ಕೊಳ್ಳೋಕೆ ಅಂತ ಮೊದಲೇ ಇಡಿಸ್ಕೊಳ್ಳೋ ದುಡ್ಡು ಅಥವಾ ಷೇರು. ಫ್ಯೂಚರ್ಸ್ ಥರ ಷೇರಿನ ರೇಟಿನ ಮೇಲೆ ನಿಂತಿರೋ ಒಪ್ಪಂದಗಳೇ ಡೆರಿವೇಟಿವ್ಸ್, ಅವುಗಳ ಪೊಸಿಷನ್‌ನ ದಿನದ ಕ್ಲೋಸಿಂಗ್ ರೇಟಿಗೆ ಹಿಡಿದು ಲಾಭ ನಷ್ಟ ನೋಡೋದನ್ನ ಮಾರ್ಕ್ ಟು ಮಾರ್ಕೆಟ್ ಅಂತಾರೆ.

ರೆಕಾರ್ಡ್ ಡೇಟ್, ಎಕ್ಸ್ ಡೇಟ್: ಡಿವಿಡೆಂಡ್, ಬೋನಸ್, ಸ್ಪ್ಲಿಟ್ ಇವೆಲ್ಲ ಕಾರ್ಪೊರೇಟ್ ಆಕ್ಷನ್. ರೆಕಾರ್ಡ್ ಡೇಟ್ ದಿನ ಕಂಪನಿ ಲಿಸ್ಟಲ್ಲಿ ಹೆಸರಿರೋರಿಗೆ ಅದು ಸಿಗತ್ತೆ. ಎಕ್ಸ್ ಡೇಟ್ ದಿನ ಅಥವಾ ಆಮೇಲೆ ಕೊಂಡವರಿಗೆ ಸಿಗಲ್ಲ, "ನಾನು ಅವತ್ತೇ ಕೊಂಡಿದ್ನಲ್ಲ, ಡಿವಿಡೆಂಡ್ ಎಲ್ಲಿ" ಅಂತ ಫೋನ್ ಬಂದ್ರೆ ಮೊದಲು ಈ ಡೇಟ್ ನೋಡಿ.

ರೆಕಾನ್, ಬ್ರೇಕ್: ನಮ್ಮ ಪುಸ್ತಕಾನ, ಷೇರುಗಳನ್ನ ಎಲೆಕ್ಟ್ರಾನಿಕ್ ಆಗಿ ಇಟ್ಕೊಳ್ಳೋ ಡೆಪಾಸಿಟರಿ ಮತ್ತೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋದು ರೆಕಾನ್, ತಾಳೆ ಆಗದೇ ಇರೋದು ಬ್ರೇಕ್. ನಮ್ಮಲ್ಲಿ 1,250, ಡೆಪಾಸಿಟರಿಯಲ್ಲಿ 1,150 ಇದೆ ಅನ್ಕೊಳ್ಳಿ. ಆ 100 ಇನ್ನೂ ಸೆಟಲ್ ಆಗದ ಟ್ರೇಡಾ, ಬೋನಸ್ ನಾವು ಮೊದಲೇ ಹಾಕಿ ಅವ್ರು ಇನ್ನೂ ಕೊಟ್ಟಿಲ್ವಾ, ಬೇರೆ ಅಕೌಂಟ್‌ಗೆ ಹೋಗಿದ್ಯಾ, ಒಂದೊಂದಾಗಿ ನೋಡಿ. ಸಿಗ್ಲಿಲ್ಲ ಅಂತ 100ಕ್ಕೆ ಅಡ್ಜಸ್ಟ್‌ಮೆಂಟ್ ಎಂಟ್ರಿ ಹಾಕಿ ತಾಳೆ ಮಾಡ್ಬೇಡಿ, ದಯವಿಟ್ಟು. ಅದು ಯಾರದ್ದೋ ಉಳಿತಾಯದ ಷೇರು. ಬ್ರೇಕ್ ಓಪನ್ ಇಟ್ಟು, ಇಲ್ಲೀವರೆಗೆ ಏನು ನೋಡಿದ್ರಿ ಅಂತ ಬರೆದು, ಅವತ್ತೇ ಸೀನಿಯರ್‌ಗೆ ಹೇಳಿ.

ಕಟ್-ಆಫ್: ಇಷ್ಟು ಗಂಟೆ ಆದ್ಮೇಲೆ ಇನ್‌ಸ್ಟ್ರಕ್ಷನ್ ತಗೊಳ್ಳಲ್ಲ ಅನ್ನೋ ಸಮಯ. ಷೇರಿಗೆ ಒಂದು, ಫಂಡ್ಸ್‌ಗೆ ಒಂದು ಇರತ್ತೆ. ಇವತ್ತಿನ ಕಟ್-ಆಫ್ ಲಿಸ್ಟ್ ಸೆಟಲ್‌ಮೆಂಟ್ ಡೆಸ್ಕ್ ಮೇಲಿನ ಬೋರ್ಡ್‌ನಲ್ಲಿದೆ, ಬೆಳಗ್ಗೆ ಬಂದ ತಕ್ಷಣ ಬರ್ಕೊಳ್ಳಿ.