ಷಾಪು

ಶಾಯಿ ಮಾಸಿ ಕಂದಾಗಿತ್ತು. ತಲೆಕಟ್ಟುಗಳು ಅಳಿಸಿಹೋಗಿ ತಾತನ ದಿನಚರಿಯ ಸಾಲುಗಳು ಬೋಳಾಗಿ ಕಾಣುತ್ತಿದ್ದವು. ಸಿಂಧು ಒಂದೊಂದೇ ಅಕ್ಷರ ಕುಟ್ಟಿದಳು: ‘ಇಂದು ಷಾಪು ಎದ್ದು ನಿಂತಿತು.’

“ಅಮ್ಮಾ, ತಾತನಿಗೆ ಅಂಗಡಿ ಇತ್ತೇ?”

“ಅವರಿಗೆ ಅಂಗಡಿಯೇ? ಕೊಟ್ಟ ಸಾಲವನ್ನೇ ಕೇಳುತ್ತಿರಲಿಲ್ಲ!”

ಹಾಳೆಯ ಹಿಂದೆ ಮೊಬೈಲ್ ಬೆಳಕು ಹಿಡಿದಳು. ‘ಷ’ದ ಹೊಟ್ಟೆಯೊಳಗಿನ ಗೀರು ಶಾಯಿಯದಲ್ಲ, ಹಿಂಬದಿಯಿಂದ ಇಳಿದ ಕಲೆ. ಹಾಗಾದರೆ ಅದು ‘ಪ’. ಪಾಪು.

ತಾರೀಖು ನೋಡಿದಳು. ಆಗ ಅವಳಿಗೆ ಹತ್ತು ತಿಂಗಳು.

‘ಷ’ ಅಳಿಸಿ ‘ಪ’ ಒತ್ತಿದಳು. ಮುಂದಿನ ಸಾಲು: ‘ಮೂರು ಹೆಜ್ಜೆ. ಆಮೇಲೆ ನನ್ನ...’ ಕೊನೆಯ ಪದ ‘ಕೈ’ಯೋ ‘ಕೋಲು’ವೋ ತಿಳಿಯಲಿಲ್ಲ. ಪುಟವನ್ನು ಕಿಟಕಿಯ ಬಳಿ ಒಯ್ದಳು.